‘ಗಟ್ಟಿ ರಾಡ್ ಹಾಕಿದರೆ ಗಟ್ಟಿ ಗೇಟ್’ ಎನ್ನುವುದು ನಿಜವೇ?

ಮನೆಗೆ ಗೇಟ್ ಅಥವಾ ಕಿಟಕಿ ಗ್ರಿಲ್ ಮಾಡಿಸಲು ಹೊರಟರೆ ಯಾರಾದರೊಬ್ಬರು ಒಂದು ಸಲಹೆ ಕೊಡುತ್ತಾರೆ. “ಮಾಮೂಲಿ ರಾಡ್ ಬೇಡ, 7018 ಹಾಕಿಸಿ. ಸೇತುವೆ, ಬಾಯ್ಲರ್‌ಗೆಲ್ಲ ಅದನ್ನೇ ಬಳಸೋದು. ಜೋಡಣೆ ಬಿಟ್ಟುಕೊಳ್ಳೋದೇ ಇಲ್ಲ.” ಈಗ ವೆಲ್ಡಿಂಗ್ ಕಲಿಯುವ ವಿಡಿಯೊಗಳೂ ಸಾಕಷ್ಟಿವೆ. ಅವುಗಳಲ್ಲಿ ಹಲವು 7018 ಅನ್ನು ‘ವೃತ್ತಿಪರರ ರಾಡ್’ ಎಂದೂ 6013 ಅನ್ನು ‘ಕಲಿಯುವವರ ರಾಡ್’ ಎಂದೂ ಹೇಳುತ್ತವೆ. ಹಾಗಾಗಿ ಊರಿನ ವರ್ಕ್‌ಶಾಪಿನಲ್ಲಿ 6013 ಪ್ಯಾಕೆಟ್ ಕಂಡಾಗ ‘ಇವರು ಖರ್ಚು ಉಳಿಸುತ್ತಿದ್ದಾರೆ’ ಅನ್ನಿಸುವುದು ಸಹಜ.

ಚಿಕ್ಕ ಉತ್ತರ ಇಷ್ಟು. ಸಾಮಾನ್ಯ ಮೈಲ್ಡ್ ಸ್ಟೀಲ್ ಗೇಟ್, ಗ್ರಿಲ್‌ಗಳಿಗೆ 6013 ಸರಿಯಾದ ಆಯ್ಕೆ. ಅಲ್ಲಿ 7018 ಹಾಕುವುದರಿಂದ ಗೇಟ್ ಹೆಚ್ಚು ಬಾಳುವುದಿಲ್ಲ, ಎಷ್ಟೋ ಸಲ ಜೋಡಣೆ ಇನ್ನೂ ಕೆಡುತ್ತದೆ. ಆದರೆ ಅದೇ ಗೇಟಿನ ಒಂದು ಜಾಗದಲ್ಲಿ 7018 ನಿಜಕ್ಕೂ ಬೇಕಾಗಬಹುದು, ಮತ್ತು ಅಲ್ಲಿ ತಪ್ಪಿದರೆ ಗೇಟು ಮಗುವಿನ ಮೇಲೆ ಬೀಳುವ ಅಪಾಯವಿದೆ. ಇದು ಏಕೆ ಹೀಗೆ ಎಂದು ತಿಳಿಯಲು ರಾಡ್ ಎಂದರೇನು ಎಂಬುದರಿಂದ ಶುರು ಮಾಡೋಣ.

ವ್ಯತ್ಯಾಸ ಇರುವುದು ತಂತಿಯಲ್ಲಲ್ಲ, ಲೇಪನದಲ್ಲಿ

ವೆಲ್ಡಿಂಗ್ ರಾಡನ್ನು ಮುರಿದು ನೋಡಿದರೆ ಒಳಗೆ ಉಕ್ಕಿನ ತಂತಿ, ಸುತ್ತ ಬೂದು ಬಣ್ಣದ ಲೇಪನ ಕಾಣುತ್ತದೆ. 6013 ಮತ್ತು 7018 ಎರಡರಲ್ಲೂ ತಂತಿ ಹೆಚ್ಚುಕಡಿಮೆ ಒಂದೇ. ಅದು ಕಾರ್ಬನ್ ಅಂಶ ತೀರಾ ಕಡಿಮೆ ಇರುವ ಮೆತ್ತಗಿನ ಉಕ್ಕು. ‘ಗಟ್ಟಿ ರಾಡಿನಲ್ಲಿ ಗಟ್ಟಿ ಕಬ್ಬಿಣ ಇರುತ್ತದೆ’ ಎಂಬ ಊಹೆ ಇಲ್ಲಿಯೇ ತಪ್ಪುತ್ತದೆ. ಎರಡೂ ರಾಡ್‌ಗಳ ಗುಣ ಬೇರೆಯಾಗುವುದು ಮೇಲಿನ ಲೇಪನದಿಂದ.

ಆರಂಭದ ದಿನಗಳಲ್ಲಿ ಲೇಪನವಿಲ್ಲದ ಬರಿ ತಂತಿಯಿಂದಲೇ ವೆಲ್ಡಿಂಗ್ ಮಾಡುತ್ತಿದ್ದರು. ಕರಗಿದ ಉಕ್ಕು ಗಾಳಿಯ ಆಮ್ಲಜನಕ, ಸಾರಜನಕಗಳನ್ನು ಹೀರಿಕೊಂಡು ತೂತು ತೂತಾಗಿ, ಪೆಡಸಾಗಿ ಗಟ್ಟಿಯಾಗುತ್ತಿತ್ತು. ಸ್ವೀಡನ್ನಿನ ಆಸ್ಕರ್ ಶೆಲ್‌ಬೆರಿ 20ನೇ ಶತಮಾನದ ಮೊದಲ ದಶಕದಲ್ಲಿ ತಂತಿಗೆ ಲೇಪನ ಕೊಡುವ ವಿಧಾನ ಕಂಡುಕೊಂಡರು. ಲೇಪನ ಉರಿದಾಗ ಬರುವ ಅನಿಲ ಗಾಳಿಯನ್ನು ದೂರ ತಳ್ಳುತ್ತದೆ. ಕರಗಿದ ಲೇಪನ ಬಿಸಿ ಲೋಹದ ಮೇಲೆ ಗಾಜಿನಂಥ ಹೊದಿಕೆಯಾಗಿ ಕೂರುತ್ತದೆ. ವೆಲ್ಡಿಂಗ್ ಮುಗಿದ ಮೇಲೆ ಸುತ್ತಿಗೆಯಿಂದ ತಟ್ಟಿ ಕೆಡವುವ ಸ್ಲ್ಯಾಗ್, ನಮ್ಮ ಮಾತಿನ ಕಿಟ್ಟ, ಇದೇ.

6013ರ ಲೇಪನದಲ್ಲಿ ಮುಖ್ಯವಾಗಿರುವುದು ರೂಟೈಲ್, ಅಂದರೆ ಟೈಟಾನಿಯಂ ಡೈಆಕ್ಸೈಡ್ ಖನಿಜ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚ್ಚಿ, ಒಡಿಶಾದ ಛತ್ರಪುರಗಳ ಕಡಲತೀರದ ಮರಳಿನಲ್ಲಿ ಸಿಗುವ ಖನಿಜಗಳಲ್ಲಿ ಇದೂ ಒಂದು. ಇದರ ಜೊತೆಗೆ ಜೇಡಿ, ಅಭ್ರಕ, ಸ್ವಲ್ಪ ಸೆಲ್ಯುಲೋಸ್ ಇರುತ್ತವೆ. 7018ರ ಲೇಪನ ಬೇರೆಯದೇ ಜಾತಿ. ಸುಣ್ಣಕಲ್ಲಿನ ಪುಡಿ, ಫ್ಲೋರ್‌ಸ್ಪಾರ್ ಎಂಬ ಖನಿಜ ಮತ್ತು ಕಬ್ಬಿಣದ ಪುಡಿ ಅದರಲ್ಲಿವೆ. ಇದನ್ನು ಬೇಸಿಕ್ ಲೇಪನ ಅಥವಾ ‘ಲೋ ಹೈಡ್ರೋಜನ್’ ಲೇಪನ ಎನ್ನುತ್ತಾರೆ. ಹೆಸರೇ ಹೇಳುವಂತೆ, ಜೋಡಣೆಯೊಳಗೆ ಹೈಡ್ರೋಜನ್ ಸೇರದಂತೆ ನೋಡಿಕೊಳ್ಳುವುದೇ ಅದನ್ನು ತಯಾರಿಸಿದ ಉದ್ದೇಶ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ಯಾಕೆಟ್ ಮೇಲಿನ ಅಂಕಿಗಳು ಏನು ಹೇಳುತ್ತವೆ?

6013, 7018 ಎಂಬವು ಅಮೆರಿಕದ ಪದ್ಧತಿಯ ಅಂಕಿಗಳು. ಮೊದಲ ಎರಡು ಅಂಕಿ ಜೋಡಣೆಯ ಲೋಹ ಎಷ್ಟು ಎಳೆತ ತಡೆಯುತ್ತದೆ ಎಂಬುದನ್ನು ಹೇಳುತ್ತವೆ. 60 ಎಂದರೆ ಒಂದು ಚದರ ಇಂಚಿಗೆ 60,000 ಪೌಂಡ್, 70 ಎಂದರೆ 70,000 ಪೌಂಡ್. ಜನ ಇಲ್ಲಿಗೇ ನಿಂತು ‘70 ದೊಡ್ಡದು, ಆದ್ದರಿಂದ ಒಳ್ಳೆಯದು’ ಎಂದುಕೊಳ್ಳುತ್ತಾರೆ.

ಭಾರತದ ಮಾನಕವಾದ ಐಎಸ್ 814ರ ಗುರುತು ಇನ್ನೂ ಹೆಚ್ಚು ವಿಷಯ ತಿಳಿಸುತ್ತದೆ. ಸಾಮಾನ್ಯ 6013 ಪ್ಯಾಕೆಟ್ ಮೇಲೆ ‘ಇಆರ್ 4211’ ಎಂಬ ಗುರುತು ಸಿಗಬಹುದು. ಇಲ್ಲಿ ‘ಆರ್’ ಎಂದರೆ ರೂಟೈಲ್. ಎರಡು ‘ಆರ್’ ಇದ್ದರೆ ದಪ್ಪ ಲೇಪನದ ರೂಟೈಲ್. ಮೊದಲ ಅಂಕಿ 4 ಎಂದರೆ ಜೋಡಣೆಯ ಲೋಹ ಚದರ ಮಿಲಿಮೀಟರಿಗೆ ಕನಿಷ್ಠ 410 ನ್ಯೂಟನ್ ಎಳೆತ ತಡೆಯುತ್ತದೆ. ಮೂರನೆಯ ಅಂಕಿ 1 ಎಂದರೆ ಮಲಗಿಸಿ, ನಿಲ್ಲಿಸಿ, ಮೇಲಿನಿಂದ ಕೆಳಕ್ಕೆ, ಹೀಗೆ ಎಲ್ಲ ಸ್ಥಿತಿಯಲ್ಲೂ ಬಳಸಬಹುದು. ಕೊನೆಯ 1 ಮಷೀನಿನ ಬಗ್ಗೆ ಹೇಳುತ್ತದೆ: ಆರ್ಕ್ ಹೊತ್ತಿಸುವ ಮೊದಲು ಎಸಿ ಮಷೀನ್ 50 ವೋಲ್ಟ್ ಕೊಟ್ಟರೆ ಸಾಕು.

7018 ಪ್ಯಾಕೆಟ್ ಮೇಲೆ ‘ಇಬಿ 5426’ ಎಂದು ಶುರುವಾಗುವ ಗುರುತು ಇರುತ್ತದೆ. ‘ಬಿ’ ಎಂದರೆ ಬೇಸಿಕ್. 5 ಎಂದರೆ ಕನಿಷ್ಠ 510 ನ್ಯೂಟನ್. ಮೂರನೆಯ ಅಂಕಿ 2, ಅಂದರೆ ಮೇಲಿನಿಂದ ಕೆಳಕ್ಕೆ ಎಳೆಯುವ ವೆಲ್ಡಿಂಗ್‌ಗೆ ಇದು ಸಲ್ಲದು. ಕೊನೆಯ 6, ಅಂದರೆ ಎಸಿ ಮಷೀನ್ ಆದರೆ 70 ವೋಲ್ಟ್ ಬೇಕು. ಚಿಕ್ಕ ವರ್ಕ್‌ಶಾಪಿನ ಹಳೆಯ ಟ್ರಾನ್ಸ್‌ಫಾರ್ಮರ್ ಮಷೀನ್‌ಗಳಲ್ಲಿ ಹಲವು 50 ವೋಲ್ಟ್ ಆಸುಪಾಸಿನವು. ಅದರಲ್ಲಿ 7018 ಹಿಡಿದರೆ ರಾಡ್ ಅಂಟಿಕೊಳ್ಳುತ್ತದೆ, ಆರ್ಕ್ ಮತ್ತೆ ಮತ್ತೆ ಆರಿಹೋಗುತ್ತದೆ. ಅದು ವೆಲ್ಡರ್ ಕೈಯ ದೋಷವಲ್ಲ. ಆ ಮಷೀನಿಗೆ ಆ ರಾಡ್ ಹೊಂದುವುದಿಲ್ಲ ಎಂದು ಪ್ಯಾಕೆಟ್ಟೇ ಹೇಳಿರುತ್ತದೆ.

ಒಂದು ಗೇಟಿನ ಲೆಕ್ಕ ಹಾಕೋಣ

ಹೆಚ್ಚುವರಿ ಬಲ ಗೇಟಿಗೆ ಎಷ್ಟು ಉಪಯೋಗ? ಒಂದೂವರೆ ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಒಂದು ಬಾಗಿಲಿನ ಗೇಟ್ ತೆಗೆದುಕೊಳ್ಳೋಣ. ಚೌಕಟ್ಟಿಗೂ ನಡುವಿನ ಪಟ್ಟಿಗೂ 40 × 40 ಮಿ.ಮೀ. ಅಳತೆಯ, 2 ಮಿ.ಮೀ. ದಪ್ಪದ ಸ್ಕ್ವೇರ್ ಪೈಪ್. ಅದಕ್ಕೆ ನಿಲ್ಲಿಸಿದ 12 ಮಿ.ಮೀ. ಚೌಕ ಸರಳುಗಳು ಹನ್ನೆರಡು. ಪೈಪು ಸುಮಾರು 17 ಕೆಜಿ, ಸರಳುಗಳು ಸುಮಾರು 19 ಕೆಜಿ. ಕೆಳಗೊಂದು ತಗಡು, ಚಿಲಕ ಎಲ್ಲ ಸೇರಿ 45 ಕೆಜಿ ಎಂದಿಟ್ಟುಕೊಳ್ಳಿ. ಎರಡು ಕೀಲುಗಳು, ಅಂದರೆ ಹಿಂಜ್‌ಗಳು, ಒಂದಕ್ಕೊಂದು 1.2 ಮೀಟರ್ ದೂರದಲ್ಲಿವೆ. ಈಗ 30 ಕೆಜಿ ತೂಕದ ಒಂದು ಮಗು ಗೇಟಿನ ತುದಿಗೆ ಜೋತುಬಿದ್ದು ಜೀಕುತ್ತಿದೆ.

ಗೇಟು ಮುಂದಕ್ಕೆ ವಾಲಲು ನೋಡುತ್ತದೆ, ಮೇಲಿನ ಕೀಲು ಅದನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಗೇಟಿನ ತೂಕ ನಡುವಿನಲ್ಲಿ, ಅಂದರೆ 0.75 ಮೀಟರ್ ದೂರದಲ್ಲಿ, ಮತ್ತು ಮಗುವಿನ ತೂಕ 1.5 ಮೀಟರ್ ದೂರದಲ್ಲಿ ಬೀಳುತ್ತದೆ. ಎರಡನ್ನೂ ಗುಣಿಸಿ, ಕೂಡಿಸಿ, 1.2ರಿಂದ ಭಾಗಿಸಿದರೆ ಮೇಲಿನ ಕೀಲಿನ ಮೇಲೆ ಅಡ್ಡವಾಗಿ ಬೀಳುವ ಎಳೆತ ಸುಮಾರು 66 ಕೆಜಿ ತೂಕದಷ್ಟು. ಕೆಳಮುಖವಾದ 75 ಕೆಜಿಯನ್ನೂ ಅದೊಂದೇ ಕೀಲು ಹೊರುತ್ತಿದೆ ಎಂದು ಹಿಡಿದರೂ ಎರಡೂ ಸೇರಿದ ಬಲ ಸುಮಾರು 100 ಕೆಜಿ ತೂಕದಷ್ಟೇ.

ಈಗ ಜೋಡಣೆ ಎಷ್ಟು ತಡೆಯಬಲ್ಲದು? ಕೀಲಿನ ಪಟ್ಟಿಗೆ 50 ಮಿ.ಮೀ. ಉದ್ದದ, 4 ಮಿ.ಮೀ. ಅಗಲದ ಮೂಲೆ ವೆಲ್ಡಿಂಗ್ ಒಂದೇ ಕಡೆ ಇದೆ ಎನ್ನಿ. ಅದರ ಒಳಗಿನ ಅತಿ ತೆಳು ಭಾಗ 2.8 ಮಿ.ಮೀ., ಅಂದರೆ ಬಲ ಹೊರುವ ಜಾಗ 140 ಚದರ ಮಿ.ಮೀ. ಕತ್ತರಿಸುವ ಬಲಕ್ಕೆ ಲೋಹ ತನ್ನ ಎಳೆತದ ಬಲದ ಸುಮಾರು ಶೇ. 60ರಷ್ಟು ಮಾತ್ರ ಒಡ್ಡುತ್ತದೆ ಎಂದು ಹಿಡಿದರೆ, 6013ರ ಜೋಡಣೆ ಕಿತ್ತುಬರಲು ಸುಮಾರು 3,500 ಕೆಜಿ ಬೇಕು. 7018 ಆದರೆ ಸುಮಾರು 4,350 ಕೆಜಿ. ಅಂದರೆ ಬೇಕಾದ್ದಕ್ಕಿಂತ ಒಂದರಲ್ಲಿ 35 ಪಟ್ಟು, ಇನ್ನೊಂದರಲ್ಲಿ 43 ಪಟ್ಟು.

ಇದು ಸರಳ ಲೆಕ್ಕ. ನಿಜವಾದ ಗೇಟಿನಲ್ಲಿ ಕೀಲು ಪೈಪಿನಿಂದ ಸ್ವಲ್ಪ ಹೊರಗಿರುವುದರಿಂದ ಜೋಡಣೆ ಬಾಗುವ ಬಲವನ್ನೂ ಹೊರಬೇಕು. ಗೇಟು ಗೋಡೆಗೆ ಬಡಿದಾಗ ಬೀಳುವ ಜಗ್ಗು ಹಲವು ಪಟ್ಟು ಹೆಚ್ಚು. ಅದನ್ನೆಲ್ಲ ಸೇರಿಸಿದರೂ ಮೊದಲ 35 ಪಟ್ಟಿನಲ್ಲಿ ಬೇಕಾದಷ್ಟು ಉಳಿಕೆ ಇದೆ. ಇನ್ನೊಂದು ವಿಷಯ: ಜೋಡಣೆ ಕೂತಿರುವ ಪೈಪಿನ ಗೋಡೆ ಬರೀ 2 ಮಿ.ಮೀ. ದಪ್ಪ. ಸಾಮಾನ್ಯ ಮೈಲ್ಡ್ ಸ್ಟೀಲ್ ಚದರ ಮಿಲಿಮೀಟರಿಗೆ 250 ನ್ಯೂಟನ್ ಆಸುಪಾಸಿನಲ್ಲೇ ಬಾಗಲು ಶುರುವಾಗುತ್ತದೆ. 6013ರ ಲೋಹ 330 ದಾಟುವವರೆಗೆ ಬಾಗುವುದಿಲ್ಲ. ಅಂದರೆ ಸರಿಯಾಗಿ ಮಾಡಿದ ಜೋಡಣೆ ಈಗಾಗಲೇ ಪೈಪಿಗಿಂತ ಗಟ್ಟಿ. ಅದನ್ನು ಇನ್ನೂ ಗಟ್ಟಿ ಮಾಡಿದರೆ ಪೈಪು ಗಟ್ಟಿಯಾಗುವುದಿಲ್ಲ.

ಹಾಗಾದರೆ ಗೇಟಿನ ಜೋಡಣೆ ಬಿಡುವುದೇಕೆ?

ಬಿಟ್ಟುಹೋದ ಗ್ರಿಲ್ ಸರಳಿನ ತುದಿಯನ್ನು ಹತ್ತಿರದಿಂದ ನೋಡಿ. ಹೆಚ್ಚಿನ ಸಲ ವೆಲ್ಡಿಂಗಿನ ಲೋಹ ಮುರಿದಿರುವುದಿಲ್ಲ. ಅದು ಒಂದು ತುಂಡಾಗಿ ಸರಳಿನ ಜೊತೆಗೇ ಎದ್ದು ಬಂದಿರುತ್ತದೆ. ಅದರ ಕೆಳಗೆ ಪೈಪಿನ ಮೈ ಕರಗಿದ ಗುರುತೇ ಇರುವುದಿಲ್ಲ, ಇಲ್ಲವೇ ಕಪ್ಪು ಕಿಟ್ಟ ಸಿಕ್ಕಿಕೊಂಡಿರುತ್ತದೆ. ಲೋಹ ಮೇಲೆ ಕೂತಿತ್ತು, ಒಳಗೆ ಬೆಸೆದಿರಲಿಲ್ಲ. ಮೇಲಿನ ಲೆಕ್ಕದ 50 ಮಿ.ಮೀ. ಜೋಡಣೆಯಲ್ಲಿ 5 ಮಿ.ಮೀ. ಮಾತ್ರ ಬೆಸೆದಿದ್ದರೆ 3,500 ಕೆಜಿ ಇದ್ದದ್ದು 350ಕ್ಕೆ ಇಳಿಯುತ್ತದೆ. ಅದರ ಮೇಲೆ ದಿನವೂ ತೆರೆದು ಮುಚ್ಚುವ ಜಗ್ಗು ಬಿದ್ದರೆ ಬೆಸೆಯದ ಅಂಚಿನಿಂದ ಬಿರುಕು ಬೆಳೆಯುತ್ತದೆ. 7018 ಹಾಕಿದ್ದರೆ ಸಿಗುತ್ತಿದ್ದ ಲಾಭ ನಾಲ್ಕನೇ ಒಂದು ಭಾಗ, ಬೆಸುಗೆ ಕೂಡದೆ ಆದ ನಷ್ಟ ಹತ್ತರಲ್ಲಿ ಒಂಬತ್ತು ಭಾಗ.

ಈ ದೋಷ ಹುಟ್ಟುವ ದಾರಿ ಬಹಳ ಸಾಮಾನ್ಯ. ವರ್ಕ್‌ಶಾಪಿನಲ್ಲಿ 3.15 ಮಿ.ಮೀ. ರಾಡ್, ಅಂದರೆ ‘ಹತ್ತು ನಂಬರ್’, ಕೈಗೆ ಸಿಕ್ಕಿರುತ್ತದೆ. ಅದಕ್ಕೆ 90ರಿಂದ 130 ಆಂಪಿಯರ್ ಬೇಕು. ಅಷ್ಟು ಕರೆಂಟಿನಲ್ಲಿ 2 ಮಿ.ಮೀ. ಪೈಪು ತೂತು ಬೀಳುತ್ತದೆ. ತೂತು ಬೀಳದಿರಲಿ ಎಂದು ವೆಲ್ಡರ್ ಕರೆಂಟ್ ಇಳಿಸುತ್ತಾರೆ. ಈಗ ತೂತು ಬೀಳುವುದಿಲ್ಲ, ಆದರೆ ದಪ್ಪ ರಾಡ್ ಸರಿಯಾಗಿ ಕರಗದೆ ಹಗ್ಗದಂತೆ ಉಬ್ಬಿದ ಗೆರೆ ಹಾಕುತ್ತದೆ. ಕಿಟ್ಟ ಮುಂದೆ ಓಡಿ ಲೋಹದ ಅಡಿಗೆ ಸೇರುತ್ತದೆ. ಗ್ರೈಂಡರ್ ಹಾಕಿ, ಪುಟ್ಟಿ ಮೆತ್ತಿ, ಬಣ್ಣ ಬಳಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಇದಕ್ಕೆ ಪರಿಹಾರ ತೆಳು ರಾಡ್. 2 ಮಿ.ಮೀ. ಗೋಡೆಯ ಪೈಪಿಗೆ 2.5 ಮಿ.ಮೀ.ನ ‘ಹನ್ನೆರಡು ನಂಬರ್’ 6013 ಸರಿ. ಅದರ ವ್ಯಾಪ್ತಿ 60ರಿಂದ 90 ಆಂಪಿಯರ್, ಇಂಥ ಪೈಪಿಗೆ 60-70ರಿಂದ ಶುರು ಮಾಡಿ ನೋಡಬೇಕು. ರಾಡಿನ ತುದಿಗೂ ಲೋಹಕ್ಕೂ ನಡುವೆ ತಂತಿಯ ದಪ್ಪದಷ್ಟೇ ಅಂತರ ಇರಬೇಕು. ಸರಳು ದಪ್ಪ, ಪೈಪು ತೆಳು ಆದ್ದರಿಂದ ಆರ್ಕನ್ನು ಸರಳಿನ ಕಡೆಗೆ ಹೆಚ್ಚು ತಿರುಗಿಸಿ, ಕರಗಿದ ಲೋಹ ಪೈಪಿನ ಅಂಚನ್ನು ಮುಟ್ಟಿ ಬೆಸೆಯುವಂತೆ ನೋಡಿಕೊಳ್ಳಬೇಕು. ಕೀಲಿನ 5-6 ಮಿ.ಮೀ. ಪಟ್ಟಿಯನ್ನು ದಪ್ಪ ಕಂಬಕ್ಕೆ ಹಾಕುವಾಗ ಮಾತ್ರ ‘ಹತ್ತು ನಂಬರ್’ ರಾಡ್, 100ರಿಂದ 120 ಆಂಪಿಯರ್ ಸೂಕ್ತ. ಗೇಟು ಎಷ್ಟು ಬಾಳುತ್ತದೆ ಎಂಬುದನ್ನು 60 ಅಥವಾ 70 ಎಂಬ ಅಂಕಿಗಿಂತ ಈ ‘ಹತ್ತೋ ಹನ್ನೆರಡೋ’ ಎಂಬ ಪ್ರಶ್ನೆ ಹೆಚ್ಚು ನಿರ್ಧರಿಸುತ್ತದೆ.

ನೂರು ಸಲ ಹೊತ್ತಿಸಬೇಕಾದ ಕೆಲಸ

ರೂಟೈಲ್ ಲೇಪನ ಗೇಟಿಗೆ ಒಪ್ಪುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ಗೇಟಿನ ಹನ್ನೆರಡು ಸರಳುಗಳು ಮೂರು ಪಟ್ಟಿಗಳನ್ನು ಮುಟ್ಟುತ್ತವೆ, ಅಂದರೆ 36 ಜಾಗ. ಪ್ರತಿ ಜಾಗದಲ್ಲಿ ಎಡಬಲ ಸೇರಿ ಎರಡು ಜೋಡಣೆ. ಮೂಲೆಗಳನ್ನೂ ಸೇರಿಸಿದರೆ ನೂರರ ಹತ್ತಿರ ಸಣ್ಣ ಸಣ್ಣ ಗೆರೆಗಳು. ಒಂದೊಂದು ಒಂದೆರಡು ಸೆಂಟಿಮೀಟರ್. ಅಷ್ಟು ಸಲ ಆರ್ಕ್ ಆರಿಸಿ ಮತ್ತೆ ಹೊತ್ತಿಸಬೇಕು.

ಬಿಸಿ ಇರುವಾಗ ರೂಟೈಲಿನ ಕಿಟ್ಟ ಸ್ವಲ್ಪಮಟ್ಟಿಗೆ ವಿದ್ಯುತ್ ಹರಿಯಲು ಬಿಡುತ್ತದೆ. ಆದ್ದರಿಂದ ರಾಡಿನ ತುದಿಯಲ್ಲಿ ಕಿಟ್ಟ ಕೂತಿದ್ದರೂ ಮುಟ್ಟಿಸಿದ ಕೂಡಲೇ ಹೊತ್ತಿಕೊಳ್ಳುತ್ತದೆ. 7018ರ ತುದಿ ಹಾಗಲ್ಲ. ನಡುವಿನ ತಂತಿ ಒಳಕ್ಕೆ ಸರಿದು, ಸುತ್ತ ಲೇಪನ ಬಟ್ಟಲಿನಂತೆ ನಿಂತು, ಮೇಲೆ ಕಿಟ್ಟದ ಮುಚ್ಚಳ ಬೀಳುತ್ತದೆ. ಪ್ರತಿ ಸಲ ಅದನ್ನು ಒಡೆದು ಶುರು ಮಾಡಬೇಕು. ಮೇಲಾಗಿ ಬೇಸಿಕ್ ರಾಡ್ ಶುರುವಾದ ಜಾಗದಲ್ಲೇ ಸಣ್ಣ ತೂತುಗಳು ಮೂಡುವ ಸಂಭವ ಹೆಚ್ಚು. ಉದ್ದನೆಯ ಗೆರೆಯಲ್ಲಿ ಇದನ್ನು ಸರಿಪಡಿಸಿಕೊಂಡು ಹೋಗಬಹುದು. ಬರೀ ಆರಂಭ ಮತ್ತು ಅಂತ್ಯ ಮಾತ್ರ ಇರುವ ಒಂದು ಸೆಂಟಿಮೀಟರ್ ಗೆರೆಯಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಸೇತುವೆಯ ಕೆಲಸಕ್ಕೆ ಒಪ್ಪುವ ರಾಡ್ ಗ್ರಿಲ್‌ಗೆ ಒಪ್ಪದಿರುವುದು ಹೀಗೆ.

ರೂಟೈಲಿನಲ್ಲೂ ಎರಡು ಬಗೆ ಇವೆ ಎಂದೆವಲ್ಲ. ದಪ್ಪ ಲೇಪನದ ‘ಇಆರ್‌ಆರ್’ ರಾಡ್ ಮೇಜಿನ ಮೇಲೆ ಮಲಗಿಸಿದ ಕೆಲಸದಲ್ಲಿ ನುಣುಪಾದ ಗೆರೆ ಹಾಕುತ್ತದೆ, ಕಿಟ್ಟ ತಾನಾಗಿ ಸುಲಿದು ಬರುತ್ತದೆ. ಆದರೆ ಕಿಟ್ಟದ ಪ್ರಮಾಣ ಹೆಚ್ಚು. ಗೋಡೆಯ ಬಳಿ ನಿಲ್ಲಿಸಿಕೊಂಡು ಮಾಡುವಾಗ, ಸಂದು ತುಂಬುವಾಗ ಅದು ಲೋಹದ ಜೊತೆ ಕಲಸಿಕೊಳ್ಳುತ್ತದೆ. ಅಲ್ಲಿ ಮಧ್ಯಮ ಲೇಪನದ ‘ಇಆರ್’ ರಾಡ್ ಹಿಡಿತಕ್ಕೆ ಸಿಗುತ್ತದೆ. ಒಂದೇ ಪ್ಯಾಕೆಟ್ ಇಟ್ಟುಕೊಳ್ಳುವ ವರ್ಕ್‌ಶಾಪಿಗೆ ಈ ಮಧ್ಯಮದ್ದೇ ಅನುಕೂಲ.

7018 ಬೇಕಾಗುವ ಆ ಒಂದು ಜಾಗ

ಈಗ ಹೈಡ್ರೋಜನ್ ವಿಷಯಕ್ಕೆ ಬರೋಣ. ರೂಟೈಲ್ ಲೇಪನದಲ್ಲಿ ಜೇಡಿ, ಸೆಲ್ಯುಲೋಸ್ ಇರುವುದರಿಂದ ಅದರಲ್ಲಿ ಸ್ವಲ್ಪ ತೇವ ಇದ್ದೇ ಇರುತ್ತದೆ. ಆರ್ಕಿನ ಬಿಸಿಗೆ ಆ ನೀರು ಒಡೆದು ಹೈಡ್ರೋಜನ್ ಕರಗಿದ ಉಕ್ಕಿಗೆ ಸೇರುತ್ತದೆ. 100 ಗ್ರಾಂ ವೆಲ್ಡ್ ಲೋಹದಲ್ಲಿ ರೂಟೈಲ್ ರಾಡ್ ಸಾಮಾನ್ಯವಾಗಿ 20ರಿಂದ 30 ಮಿ.ಲೀ. ಹೈಡ್ರೋಜನ್ ಬಿಡುತ್ತದೆ. ಚೆನ್ನಾಗಿ ಒಣಗಿಸಿದ 7018ರಲ್ಲಿ ಅದು 5 ಮಿ.ಲೀ. ಆಸುಪಾಸು.

ಈ ಹೈಡ್ರೋಜನ್ ಒಂದರಿಂದಲೇ ಬಿರುಕು ಬರುವುದಿಲ್ಲ. ಜೊತೆಗೆ ಪಕ್ಕದ ಉಕ್ಕು ಬಿಸಿಯಾಗಿ ತಟ್ಟನೆ ತಣಿದಾಗ ಪೆಡಸಾಗುವಂಥದ್ದಾಗಿರಬೇಕು, ಮತ್ತು ಅದರ ಮೇಲೆ ಎಳೆತ ಇರಬೇಕು. ಕಾರ್ಬನ್ ಕಡಿಮೆ ಇರುವ ತೆಳು ಪೈಪು, ಸರಳುಗಳು ಹಾಗೆ ಪೆಡಸಾಗುವುದಿಲ್ಲ. ಅದಕ್ಕೇ ಗ್ರಿಲ್‌ನಲ್ಲಿ ಹೈಡ್ರೋಜನ್ ಚಿಂತೆಯಿಲ್ಲ.

ಆದರೆ ಕೀಲಿನ ಗೂಟ ಯಾವುದರಿಂದ ಮಾಡಿದ್ದು? ಹಲವು ಕಡೆ ಗುಜರಿಯಿಂದ ತಂದ ವಾಹನದ ಶಾಫ್ಟ್ ತುಂಡು, ಸ್ಪ್ರಿಂಗ್ ಪಟ್ಟಿ ಇದಕ್ಕೆ ಬಳಕೆಯಾಗುತ್ತವೆ. ‘ಸವೆಯಲ್ಲ, ಗಟ್ಟಿ’ ಎಂಬ ಕಾರಣಕ್ಕೆ. ಅವುಗಳಲ್ಲಿ ಕಾರ್ಬನ್ ಹೆಚ್ಚು. 6013 ಹಾಕಿದರೆ ಗೆರೆ ಅಂದವಾಗಿಯೇ ಬರುತ್ತದೆ. ಬಿರುಕು ಬರುವುದು ವೆಲ್ಡಿಂಗಿನ ಪಕ್ಕದ ಗೂಟದಲ್ಲಿ, ಅದೂ ತಣಿದು ಕೆಲವು ಗಂಟೆ ಅಥವಾ ಒಂದು ದಿನ ಕಳೆದ ಮೇಲೆ. ಆ ಹೊತ್ತಿಗೆ ಗೇಟಿಗೆ ಬಣ್ಣ ಬಳಿದಾಗಿರುತ್ತದೆ. ಗೇಟಿನ ಎಲ್ಲ ತೂಕ ಹೊರುವ ಜಾಗವೂ ಅದೇ.

ಗ್ರೈಂಡರ್‌ಗೆ ಹಿಡಿದರೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮೈಲ್ಡ್ ಸ್ಟೀಲಿನ ಕಿಡಿಗಳು ಉದ್ದನೆಯ ನೇರ ಗೆರೆಗಳಾಗಿ ಹಾರುತ್ತವೆ, ತುದಿಯಲ್ಲಿ ಸಿಡಿಯುವುದು ಕಡಿಮೆ. ಕಾರ್ಬನ್ ಹೆಚ್ಚಿದ್ದರೆ ಕಿಡಿಗಳು ಸುರುಸುರು ಕಡ್ಡಿಯಂತೆ ನಕ್ಷತ್ರ ನಕ್ಷತ್ರವಾಗಿ ಸಿಡಿಯುತ್ತವೆ. ಗೊತ್ತಿರುವ ಮೈಲ್ಡ್ ಸ್ಟೀಲ್ ತುಂಡೊಂದನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿದರೆ ಯಾರಿಗಾದರೂ ತಿಳಿಯುತ್ತದೆ. ಸಿಡಿಯುವ ಉಕ್ಕು ಎಂದು ಕಂಡರೆ ಅತಿ ಸುಲಭದ ದಾರಿ ಅದನ್ನು ಪಕ್ಕಕ್ಕಿಟ್ಟು ಮೈಲ್ಡ್ ಸ್ಟೀಲ್ ಗೂಟ ಬಳಸುವುದು. ಸವೆತ ತಡೆಯಲು ಆಗಾಗ ಗ್ರೀಸ್ ಹಚ್ಚಿದರಾಯಿತು. ಅದೇ ಗೂಟ ಬೇಕೇ ಬೇಕು ಎಂದಾದರೆ ಒಣಗಿಸಿದ 7018, ವೆಲ್ಡಿಂಗಿಗೆ ಮೊದಲು ಗೂಟವನ್ನು ಬಿಸಿ ಮಾಡುವುದು, ಆಮೇಲೆ ನಿಧಾನವಾಗಿ ತಣಿಯಲು ಬಿಡುವುದು, ಮೂರೂ ಬೇಕು. ನೀರು ಹಾಕಿ ತಣಿಸಲೇಬಾರದು. ಇನ್ನು ಬೇರಿಂಗನ್ನೇ ನೇರವಾಗಿ ಗೇಟಿಗೆ ವೆಲ್ಡ್ ಮಾಡುವ ರೂಢಿಯೂ ಇದೆ. ಬಾಲ್ ಬೇರಿಂಗಿನ ಉಂಗುರದ ಉಕ್ಕಿನಲ್ಲಿ ಶೇ. 1ರಷ್ಟು ಕಾರ್ಬನ್ ಇರುತ್ತದೆ. ಅದಕ್ಕೆ ಯಾವ ರಾಡ್ ಹಾಕಿದರೂ ಬಿರುಕಿನ ಭಯ ತಪ್ಪದು. ಮೈಲ್ಡ್ ಸ್ಟೀಲ್ ಬಟ್ಟಲನ್ನು ಗೇಟಿಗೆ ವೆಲ್ಡ್ ಮಾಡಿ ಬೇರಿಂಗನ್ನು ಅದರೊಳಗೆ ಕೂರಿಸುವುದೇ ಸರಿ.

ಓವನ್ ಇಲ್ಲದ 7018 ಹೆಸರಿಗಷ್ಟೇ

7018 ಬೇಸಿಕ್ ಲೇಪನದ್ದಾದರೂ ತೆರೆದಿಟ್ಟರೆ ಗಾಳಿಯ ತೇವವನ್ನು ಹೀರುತ್ತದೆ. ಅಮೆರಿಕದ ಕಟ್ಟಡ ವೆಲ್ಡಿಂಗ್ ನಿಯಮಾವಳಿ ಸಾಮಾನ್ಯ 7018 ರಾಡನ್ನು ಹೊರಗೆ ಇಡಲು 4 ಗಂಟೆ ಮಾತ್ರ ಅವಕಾಶ ಕೊಡುತ್ತದೆ. ತೇವ ಹಿಡಿದರೆ ಅದನ್ನು 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಓವನ್ನಿನಲ್ಲಿ ಒಂದೆರಡು ಗಂಟೆ ಕಾಯಿಸಬೇಕು, ಸರಿಯಾದ ಅಂಕಿ ಪ್ಯಾಕೆಟ್ ಮೇಲಿರುತ್ತದೆ. ಕರಾವಳಿಯಲ್ಲೋ ಮಲೆನಾಡಿನಲ್ಲೋ ಮಳೆಗಾಲದ ಒಂದು ವಾರ ಮೂಲೆಯಲ್ಲಿ ಬಿದ್ದಿದ್ದ, ಪ್ಯಾಕೆಟ್ ಹರಿದ 7018 ‘ಲೋ ಹೈಡ್ರೋಜನ್’ ಆಗಿ ಉಳಿದಿರುವುದಿಲ್ಲ. ಅದನ್ನು ಆರಿಸಿದ ಕಾರಣವೇ ಅಲ್ಲಿಗೆ ಮುಗಿಯಿತು.

6013ಕ್ಕೆ ಇದೇ ಉಪಚಾರ ಮಾಡಲು ಹೋಗಬಾರದು. ಅದಕ್ಕೆ ಲೇಪನದ ಒಳಗಿನ ಸ್ವಲ್ಪ ತೇವ ಬೇಕು. 300 ಡಿಗ್ರಿಯಲ್ಲಿ ಕಾಯಿಸಿದರೆ ಸೆಲ್ಯುಲೋಸ್ ಸುಟ್ಟು ಲೇಪನ ಕೆಡುತ್ತದೆ. ತೀರಾ ತೇವವಾಗಿದ್ದರೆ 100 ಡಿಗ್ರಿ ಆಸುಪಾಸಿನಲ್ಲಿ ಒಂದು ಗಂಟೆ ಸಾಕು. ತೇವ ಹೆಚ್ಚಿದ ರಾಡ್ ಉರಿಯುವಾಗಲೇ ಗುರುತು ಸಿಗುತ್ತದೆ. ಚಟಪಟ ಸದ್ದು, ಹೆಚ್ಚು ಕಿಡಿ, ಗೆರೆಯ ಮೇಲೆ ಸೂಜಿಮೊನೆ ತೂತುಗಳು ಕಾಣುತ್ತವೆ. ಲೇಪನ ಉದುರಿದ, ತಂತಿಗೆ ತುಕ್ಕು ಹಿಡಿದ ರಾಡನ್ನು ಕಾಯಿಸಿ ಉಳಿಸಲಾಗದು, ಎಸೆಯಬೇಕು.

ಬಣ್ಣಕ್ಕೆ ಮೊದಲು ನೋಡಬೇಕಾದ್ದು

ಗ್ರಾಹಕರಾಗಿ ನೀವು ಮಾಡಬಹುದಾದ ದೊಡ್ಡ ಕೆಲಸವೆಂದರೆ ಪುಟ್ಟಿ, ಪ್ರೈಮರ್ ಬೀಳುವ ಮೊದಲು ಒಮ್ಮೆ ಹೋಗಿ ನೋಡುವುದು. ಒಳ್ಳೆಯ ಜೋಡಣೆಯ ಅಂಚು ಎರಡೂ ಕಡೆಯ ಲೋಹಕ್ಕೆ ಇಳಿಜಾರಾಗಿ ಸೇರಿರುತ್ತದೆ. ಹಗ್ಗ ಇಟ್ಟಂತೆ ಉಬ್ಬಿ, ಅಂಚಿನಲ್ಲಿ ಉಗುರು ಸಿಕ್ಕುವಂತಿದ್ದರೆ ಕರೆಂಟ್ ಸಾಲದೆ ಮೇಲೆ ಕೂತಿದೆ. ಅಂಚಿನುದ್ದಕ್ಕೂ ಪೈಪು ಕೊರೆದು ಕಾಲುವೆಯಾಗಿದ್ದರೆ ಕರೆಂಟ್ ಹೆಚ್ಚಾಗಿದೆ. ಕಿಟ್ಟವನ್ನು ಪೂರ್ತಿ ತೆಗೆದಿರಬೇಕು. ಅದರ ಮೇಲೆ ಬಳಿದ ಬಣ್ಣ ಕಿಟ್ಟದ ಜೊತೆಗೇ ಉದುರಿ, ಆ ಜಾಗದಿಂದ ತುಕ್ಕು ಶುರುವಾಗುತ್ತದೆ.

ರಾಡ್, ನಂಬರ್, ಕರೆಂಟ್ ಮೂರೂ ಹೊಂದಿವೆಯೇ ಎಂದು ತಿಳಿಯಲು ವರ್ಕ್‌ಶಾಪಿನಲ್ಲೇ ಐದು ನಿಮಿಷದ ಪರೀಕ್ಷೆಯಿದೆ. ಗೇಟಿಗೆ ಬಳಸುವ ಪೈಪಿನ ತುಂಡಿನ ಮೇಲೆ ಸರಳಿನ ತುಂಡು ನಿಲ್ಲಿಸಿ ಒಂದೇ ಬದಿಗೆ ವೆಲ್ಡ್ ಮಾಡಿ. ತಣಿದ ಮೇಲೆ ವೆಲ್ಡ್ ಇರುವ ಕಡೆಗೆ ಸರಳು ಮಡಚಿಕೊಳ್ಳುವಂತೆ ಎದುರು ಬದಿಯಿಂದ ಸುತ್ತಿಗೆಯಲ್ಲಿ ಹೊಡೆಯಿರಿ. ಸರಳು ಬಾಗಿದರೂ ಜೋಡಣೆ ಬಿಡದಿದ್ದರೆ, ಇಲ್ಲವೇ ಪೈಪಿನ ಗೋಡೆಯೇ ಹರಿದು ಬಂದರೆ ಬೆಸುಗೆ ಕೂಡಿದೆ. ಜೋಡಣೆ ಕಳಚಿಬಂದು ಅಡಿಯಲ್ಲಿ ಪೈಪಿನ ಹಳೆಯ ನುಣುಪು ಮೈ ಅಥವಾ ಕಪ್ಪು ಕಿಟ್ಟ ಕಂಡರೆ ನಂಬರ್ ಅಥವಾ ಕರೆಂಟ್ ಬದಲಿಸಬೇಕು. ಪ್ಯಾಕೆಟ್ ಮೇಲೆ 6013 ಎಂದಿದೆಯೋ 7018 ಎಂದಿದೆಯೋ ಎಂಬುದು ಈ ತುಂಡಿಗೆ ಗೊತ್ತಿಲ್ಲ.

ಇದಕ್ಕೊಂದು ಮಿತಿಯಿದೆ. ಹಳಿಯ ಮೇಲೆ ಓಡುವ ಭಾರಿ ಜಾರುಗೇಟು ತುದಿ ದಾಟಿ ಉರುಳುವುದಕ್ಕೆ ಸ್ಟಾಪರ್ ಇಲ್ಲದಿರುವುದು, ಮೇಲಿನ ಆಸರೆ ಸಡಿಲವಾಗಿರುವುದು ಕಾರಣವಾಗುತ್ತವೆ. ಅದನ್ನು ಯಾವ ರಾಡೂ ತಡೆಯಲಾರದು. ಮಾಮೂಲಿ ಗೇಟಿನ ಮಟ್ಟಿಗೆ ವರ್ಕ್‌ಶಾಪಿನವರನ್ನು ಕೇಳಬೇಕಾದ ಪ್ರಶ್ನೆ “7018 ಹಾಕ್ತೀರಾ?” ಎಂಬುದಲ್ಲ. “ಪೈಪಿಗೆ ಎಷ್ಟು ನಂಬರ್ ರಾಡ್ ಹಾಕ್ತೀರಿ? ಕೀಲಿನ ಗೂಟ ಯಾವ ಕಬ್ಬಿಣದ್ದು?” ಎಂದು ಕೇಳಿ.